ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಕಾವಲುಗಾರ

ಮೇಲಿನಿಂದ ನೋಡಿದಂತೆ ಕಾಣುವ ಒಂದು ಕಂಪ್ಯೂಟರ್ ಆಟ. ಕೋಟೆಯ ಅಂಗಳದ ನಟ್ಟನಡುವೆ ಒಬ್ಬ ಕಾವಲುಗಾರ ನಿಂತಿದ್ದಾನೆ. ಅವನ ಕಣ್ಣು ತಪ್ಪಿಸಿ ಅಂಗಳ ದಾಟಬೇಕಾದ ಕಳ್ಳ ನೀವು. ಕಾವಲುಗಾರನಿಗೆ ಇರುವ ಕೆಲಸ ಒಂದೇ: ನೀವು ಎತ್ತ ಸರಿದರೂ ಅತ್ತ ಮುಖ ತಿರುಗಿಸುವುದು. ಅಂಗಳದ ಪೂರ್ವದಲ್ಲಿ ನೀವು ಓಡಾಡುತ್ತಿರುವಷ್ಟು ಹೊತ್ತು ಅವನು ಚಾಚೂ ತಪ್ಪದೆ ನಿಮ್ಮನ್ನೇ ನೋಡುತ್ತಾನೆ. ಉತ್ತರದ ಬಾಗಿಲ ಮುಂದೆ ಹಾದು ಪಶ್ಚಿಮದ ಕಡೆಗೆ ಎರಡು ಹೆಜ್ಜೆ ಇಟ್ಟಿರೋ, ಅವನಿಗೆ ಏನೋ ಆಗಿಬಿಡುತ್ತದೆ. ನಿಂತಲ್ಲೇ ಗರಗರ ಸುತ್ತತೊಡಗುತ್ತಾನೆ. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಪ್ರತಿ ಸುತ್ತಿನಲ್ಲೂ ಅವನ ಮುಖ ಒಮ್ಮೆ ನಿಮ್ಮ ಕಡೆಗೇ ಬರುತ್ತದೆ, ಆದರೆ ನಿಲ್ಲುವುದಿಲ್ಲ. ನೀವು ಆರಾಮವಾಗಿ ಅಂಗಳ ದಾಟಿ ಹೋಗಬಹುದು.

ಗೇಮ್ ಮಾಡಲು ಕಲಿಯುತ್ತಿರುವವರ ಮೊದಲ ಆಟಗಳಲ್ಲಿ ಈ ದೃಶ್ಯ ಸಾಮಾನ್ಯ. ಶತ್ರುವಿನ ಬಂದೂಕು, ಟ್ಯಾಂಕಿನ ತೋಪು, ಆಟಗಾರನ ಹಿಂದೆ ಬರುವ ಕ್ಯಾಮೆರಾ, ಹೀಗೆ ಗುರಿಯ ಕಡೆ ತಿರುಗಬೇಕಾದ ಯಾವ ವಸ್ತುವಿಗೂ ಈ ರೋಗ ತಗಲುತ್ತದೆ. ಕೆಲವೊಮ್ಮೆ ಲಕ್ಷಣ ಇಷ್ಟು ಜೋರಾಗಿರುವುದಿಲ್ಲ. ಪಕ್ಕದಲ್ಲೇ ಇರುವ ಗುರಿಯತ್ತ ಇಷ್ಟೇ ಇಷ್ಟು ತಿರುಗುವ ಬದಲು ಪಾತ್ರ ಹಿಂದಿನಿಂದ ಪೂರ್ತಿ ಬಳಸಿಕೊಂಡು, ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ, ಅಲ್ಲಿಗೆ ತಲುಪುತ್ತದೆ. ಎರಡಕ್ಕೂ ಮೂಲ ಒಂದೇ, ಅದು ಪ್ರಾಥಮಿಕ ಶಾಲೆಯ ಒಂದು ವ್ಯವಕಲನದಲ್ಲಿದೆ.

ಕಂಪ್ಯೂಟರಿಗೆ ದಿಕ್ಕು ಎಂದರೆ ಒಂದು ಸಂಖ್ಯೆ. ಬಹಳ ಜನ ಬಳಸುವ ಯೂನಿಟಿ ಎಂಬ ಗೇಮ್ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಅಲ್ಲಿ ಪಾತ್ರವೊಂದು ನೆಟ್ಟಗೆ ನಿಂತು ಎಡಕ್ಕೋ ಬಲಕ್ಕೋ ತಿರುಗುವುದನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ನಕ್ಷೆಯ ಮೇಲ್ಭಾಗವನ್ನು ಉತ್ತರ ಎಂದುಕೊಂಡರೆ ಉತ್ತರಕ್ಕೆ 0, ಪೂರ್ವಕ್ಕೆ 90, ದಕ್ಷಿಣಕ್ಕೆ 180, ಪಶ್ಚಿಮಕ್ಕೆ 270. ಹಡಗಿನ ದಿಕ್ಸೂಚಿಯ ಲೆಕ್ಕವೇ. ಪಶ್ಚಿಮವನ್ನೂ ದಾಟಿ ಮುಂದೆ ಹೋದರೆ 359 ಆದಮೇಲೆ ಮತ್ತೆ 0.

ದರ್ಜಿಯ ಟೇಪನ್ನು ಸೊಂಟಕ್ಕೆ ಸುತ್ತಿದಾಗ ಆಗುವುದೂ ಇದೇ. ಟೇಪಿನ ಮೇಲೆ ಸಂಖ್ಯೆಗಳು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ, ಆದರೆ ತುದಿ ಬಂದು ಮೊದಲನ್ನು ಕೂಡುವ ಜಾಗದಲ್ಲಿ ದೊಡ್ಡ ಸಂಖ್ಯೆಯ ಪಕ್ಕಕ್ಕೇ ಸೊನ್ನೆ ಕುಳಿತಿರುತ್ತದೆ. ಸೊಂಟಕ್ಕೆ ಅಲ್ಲಿ ಮೊದಲೂ ಇಲ್ಲ, ತುದಿಯೂ ಇಲ್ಲ. ಇರುವುದು ಟೇಪಿಗೆ ಮಾತ್ರ. ಆ ಕೂಡುವ ಜಾಗವನ್ನು ಬೆಸುಗೆ ಎಂದು ಕರೆಯೋಣ. ಕಾವಲುಗಾರ ಹುಚ್ಚೆದ್ದು ಕುಣಿಯುವುದು ಈ ಬೆಸುಗೆಯ ಆಸುಪಾಸಿನಲ್ಲೇ.

350 ಡಿಗ್ರಿಗೆ ಮುಖ ಮಾಡಿ ನಿಂತವನು 10 ಡಿಗ್ರಿಗೆ ತಿರುಗಬೇಕು. ನಮಗೆ ಕಣ್ಣಿಗೆ ಕಾಣುತ್ತದೆ, ಬಲಕ್ಕೆ 20 ಡಿಗ್ರಿ ತಿರುಗಿದರೆ ಸಾಕು. ಆದರೆ 10ರಿಂದ 350 ಕಳೆದರೆ ಸಿಗುವುದು −340. ಕಂಪ್ಯೂಟರ್ ಅದನ್ನು ನಂಬಿ ಎಡಕ್ಕೆ 340 ಡಿಗ್ರಿ ತಿರುಗಿಸುತ್ತದೆ. ಲೆಕ್ಕ ತಪ್ಪಿಲ್ಲ, ಅಷ್ಟು ತಿರುಗಿದರೂ ಅವನು ಗುರಿಗೇ ಬಂದು ನಿಲ್ಲುತ್ತಾನೆ. ದಾರಿ ಮಾತ್ರ ಬಳಸು. ಅರ್ಧ ದಾರಿಯ ದಿಕ್ಕು ಯಾವುದು ಎಂದು ಕೇಳಿದರಂತೂ ಇನ್ನೂ ತಮಾಷೆ. 350 ಮತ್ತು 10ರ ಸರಾಸರಿ 180. ಇಬ್ಬರು ಉತ್ತರದ ಕಡೆ ಕೈ ತೋರಿಸಿದರೆ ಸರಾಸರಿ ದಕ್ಷಿಣಕ್ಕೆ ಬೀಳುತ್ತದೆ.

ಹಾಗಾದರೆ ನಿಲ್ಲದ ಸುತ್ತು ಎಲ್ಲಿಂದ ಬಂತು? ಅದಕ್ಕೆ ಎರಡು ಟೇಪುಗಳು ಬೇಕು, ಒಂದೊಂದರ ಬೆಸುಗೆ ಒಂದೊಂದು ಕಡೆ ಇರಬೇಕು. ಹೊಸಬರು ಬರೆಯುವ ಕೋಡಿನಲ್ಲಿ ಅವೆರಡೂ ತಾವಾಗಿಯೇ ಬಂದು ಸೇರುತ್ತವೆ:

```
float now  = transform.eulerAngles.y;
float goal = Mathf.Atan2(d.x, d.z) * Mathf.Rad2Deg;
if (goal > now) transform.Rotate(0, 3, 0);
else            transform.Rotate(0, -3, 0);
```

ಕೋಡ್ ಓದಿ ಅಭ್ಯಾಸವಿಲ್ಲದವರಿಗೆ ಇದರ ಅರ್ಥ ಇಷ್ಟೇ. ಮೊದಲ ಸಾಲು ಕಾವಲುಗಾರ ಈಗ ಎತ್ತ ನೋಡುತ್ತಿದ್ದಾನೆ ಎಂದು ಎಂಜಿನ್ನನ್ನು ಕೇಳುತ್ತದೆ. ಎರಡನೆಯದು ಕಳ್ಳ ಅವನಿಂದ ಯಾವ ದಿಕ್ಕಿನಲ್ಲಿದ್ದಾನೆ ಎಂದು ಲೆಕ್ಕ ಹಾಕುತ್ತದೆ. `d` ಎಂದರೆ ಕಾವಲುಗಾರನಿಂದ ಕಳ್ಳನವರೆಗಿನ ದೂರ, ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಗುರಿಯ ಸಂಖ್ಯೆ ದೊಡ್ಡದಿದ್ದರೆ ಬಲಕ್ಕೆ 3 ಡಿಗ್ರಿ, ಇಲ್ಲವಾದರೆ ಎಡಕ್ಕೆ 3 ಡಿಗ್ರಿ. ಸೆಕೆಂಡಿಗೆ 60 ಚಿತ್ರಗಳು ಮೂಡುವ ಪರದೆಯಲ್ಲಿ ಇದು ಸೆಕೆಂಡಿಗೆ 60 ಸಲ ನಡೆಯುತ್ತದೆ. ಅಂದರೆ ಪೂರ್ತಿ ಒಂದು ಸುತ್ತಿಗೆ 2 ಸೆಕೆಂಡು.

ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಇದೆ. ಕಳ್ಳ ಹೊಕ್ಕಿರುವುದು ಮೊದಲೆರಡು ಸಾಲುಗಳ ನಡುವೆ. ಯೂನಿಟಿಯ `eulerAngles` ಉತ್ತರವನ್ನು 0ಯಿಂದ 360ರೊಳಗೆ ಕೊಡುತ್ತದೆ. `Atan2` ಎಂಬ ಗಣಿತದ ಫಂಕ್ಷನ್ ಮಾತ್ರ −180ರಿಂದ 180ರೊಳಗೆ ಕೊಡುತ್ತದೆ. ಪಶ್ಚಿಮವನ್ನು ಮೊದಲನೆಯದು 270 ಎಂದರೆ ಎರಡನೆಯದು −90 ಎನ್ನುತ್ತದೆ. ಪೂರ್ವಾರ್ಧದಲ್ಲಿ ಇಬ್ಬರ ಮಾತೂ ಒಂದೇ, ಪಶ್ಚಿಮಾರ್ಧದಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು.

ಈಗ ಕಾವಲುಗಾರ 30 ಡಿಗ್ರಿಗೆ ಮುಖ ಮಾಡಿದ್ದಾನೆ ಎಂದುಕೊಳ್ಳಿ. ಕಳ್ಳ ಉತ್ತರದಿಂದ ಕೊಂಚ ಪಶ್ಚಿಮಕ್ಕೆ, −10ರಲ್ಲಿ ನಿಂತಿದ್ದಾನೆ. −10 ಚಿಕ್ಕದು, ಆದ್ದರಿಂದ ಎಡಕ್ಕೆ. 30, 27, 24 ಹೀಗೆ ಇಳಿಯುತ್ತಾ 3, ಆಮೇಲೆ 0. ಇಲ್ಲಿಯವರೆಗೆ ದಿಕ್ಕು ಸರಿಯಾಗಿಯೇ ಇದೆ. ಮುಂದಿನ ಹೆಜ್ಜೆ −3 ಆಗಬೇಕಿತ್ತು, ಆದರೆ ಎಂಜಿನ್ ಅದನ್ನು 357 ಎಂದು ಹೇಳುತ್ತದೆ. 357 ಕೂಡ −10ಕ್ಕಿಂತ ದೊಡ್ಡದೇ, ಮತ್ತೆ ಎಡಕ್ಕೆ. 354, 351. ಈ ಗಳಿಗೆಯಲ್ಲಿ ಕಾವಲುಗಾರನ ಮೂಗಿನ ನೇರಕ್ಕೇ ಕಳ್ಳನಿದ್ದಾನೆ. −10 ಎಂದರೂ 350 ಎಂದರೂ ಒಂದೇ ದಿಕ್ಕಲ್ಲವೇ? ಅಂತರ ಒಂದೇ ಒಂದು ಡಿಗ್ರಿ. ಆದರೆ ಹೋಲಿಕೆ ನಡೆಯುವುದು ದಿಕ್ಕಿಗಲ್ಲ, ಸಂಖ್ಯೆಗೆ. 351 ದೊಡ್ಡದು, −10 ಚಿಕ್ಕದು. 348, 345... ಅವನು ಕಳ್ಳನನ್ನು ದಾಟಿ ಸುತ್ತಿಕೊಂಡು ಮತ್ತೆ 0ಗೆ ಬಂದು, ಮತ್ತೆ 357ಕ್ಕೆ ಹಾರುತ್ತಾನೆ. 0ಯಿಂದ 360ರೊಳಗಿನ ಯಾವ ಸಂಖ್ಯೆಯೂ −10ಕ್ಕಿಂತ ಚಿಕ್ಕದಾಗಲು ಸಾಧ್ಯವಿಲ್ಲ. ಆದ್ದರಿಂದ ಕಳ್ಳ ಪಶ್ಚಿಮದಲ್ಲಿ ಇರುವಷ್ಟು ಕಾಲವೂ ಸುತ್ತು ನಿಲ್ಲುವುದಿಲ್ಲ.

ಪೂರ್ವದಲ್ಲಿ ಇದೇ ಕೋಡ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ಮೋಸ ಹೋಗುವುದು ಅಲ್ಲೇ. ಕಾವಲುಗಾರ 350ರಲ್ಲಿ, ಕಳ್ಳ 10ರಲ್ಲಿ ಇದ್ದರೆ ಅವನು ಎಡಕ್ಕೆ 340 ಡಿಗ್ರಿ ಬಳಸಿ ಬಂದು ಗುರಿ ಮುಟ್ಟುತ್ತಾನೆ. ಬಲಕ್ಕೆ ತಿರುಗಿದ್ದರೆ 7 ಫ್ರೇಮಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ 114 ಫ್ರೇಮ್, ಹೆಚ್ಚುಕಡಿಮೆ 2 ಸೆಕೆಂಡು. ಆಡುವವನಿಗೆ ಇದು ಕಾವಲುಗಾರ ಗಾಬರಿಯಾದಂತೆ ಕಾಣಬಹುದು, ಯಾರೋ ಬೇಕೆಂದೇ ಹಾಗೆ ಮಾಡಿದ್ದಾರೆ ಎನ್ನಿಸಲೂಬಹುದು. 40ರಿಂದ 120ಕ್ಕೆ ತಿರುಗುವಾಗ ಯಾವ ತೊಂದರೆಯೂ ಇಲ್ಲ. ಹೀಗೆ ಒಂದೇ ನಾಲ್ಕು ಸಾಲಿನ ಕೋಡ್ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಬಳಸಿಕೊಂಡು, ಮತ್ತೊಂದು ಕಡೆ ಹುಚ್ಚಾಪಟ್ಟೆ ಕೆಲಸ ಮಾಡುತ್ತದೆ. ಬರೆದವನು ಮೂರನ್ನೂ ಮೂರು ಬೇರೆ ಬೇರೆ ತಪ್ಪುಗಳೆಂದು ತಿಳಿದು ಮೂರು ಕಡೆ ಹುಡುಕುತ್ತಾನೆ.

ಇನ್ನು ರಿಪೇರಿ. ಮೊದಲು ಎಲ್ಲರಿಗೂ ಹೊಳೆಯುವ ರಿಪೇರಿ ಎಂದರೆ ಇಬ್ಬರಿಗೂ ಒಂದೇ ಭಾಷೆ ಕಲಿಸುವುದು: ಗುರಿಯ ಸಂಖ್ಯೆ ಸೊನ್ನೆಗಿಂತ ಕಡಿಮೆ ಇದ್ದರೆ ಅದಕ್ಕೆ 360 ಕೂಡಿಸಿಬಿಡು. −10 ಈಗ 350 ಆಗುತ್ತದೆ. ಪಶ್ಚಿಮದ ಹುಚ್ಚು ಸುತ್ತು ನಿಲ್ಲುತ್ತದೆ. ಗೆದ್ದೆವು ಎಂದು ಕೋಡನ್ನು ಅಲ್ಲಿಗೇ ಮುಚ್ಚಿಡುವವರೇ ಹೆಚ್ಚು. ಆದರೆ 350ರಿಂದ 10ಕ್ಕೆ ಹೋಗುವ ಬಳಸುದಾರಿ ಹಾಗೆಯೇ ಉಳಿದಿದೆ. ಅಷ್ಟೇ ಅಲ್ಲ, ನಿಲ್ಲದ ಸುತ್ತೂ ಪೂರ್ತಿ ಸತ್ತಿಲ್ಲ. ಕಳ್ಳ 359ರಲ್ಲಿ, ಕಾವಲುಗಾರ 1ರಲ್ಲಿ ಇದ್ದಾನೆ ಎನ್ನಿ. 359 ದೊಡ್ಡದು, ಆದ್ದರಿಂದ ಬಲಕ್ಕೆ. 4, 7, 10 ಎನ್ನುತ್ತಾ ಇಡೀ ಅಂಗಳ ಸುತ್ತಿ 358ಕ್ಕೆ ಬರುತ್ತಾನೆ. ಇನ್ನು ಒಂದು ಡಿಗ್ರಿ ಬಾಕಿ, ಆದರೆ ಹೆಜ್ಜೆ 3 ಡಿಗ್ರಿಯದು. 361 ಎಂದರೆ ಮತ್ತೆ 1. ಎಲ್ಲಿಂದ ಹೊರಟನೋ ಅಲ್ಲಿಗೇ ಬಂದ, ಮತ್ತೊಂದು ಸುತ್ತು ಶುರು. ಕಳ್ಳ ಹೆಚ್ಚುಕಡಿಮೆ ಸರಿಯಾಗಿ ಉತ್ತರಕ್ಕೆ ನಿಂತಾಗ ಮಾತ್ರ ಹೀಗಾಗುವುದರಿಂದ ಇದು ಅಪರೂಪಕ್ಕೆ ತಲೆ ತೋರಿಸುತ್ತದೆ. ಅಪರೂಪದ ದೋಷಕ್ಕಿಂತ ದಿನವೂ ಕಾಣುವ ದೋಷವೇ ಎಷ್ಟೋ ವಾಸಿ.

ಕೆಲವರು ಇದರ ಬದಲು ಎರಡನ್ನೂ −180ರಿಂದ 180ಕ್ಕೆ ತರುತ್ತಾರೆ. ಆಗ ಉತ್ತರದಲ್ಲಿ ಎಲ್ಲವೂ ಸುಸೂತ್ರ, ಆದರೆ ದಕ್ಷಿಣದ ಬಾಗಿಲಲ್ಲಿ ಅದೇ ಕಥೆ: 170ರಿಂದ −170ಕ್ಕೆ ಹೋಗಲು 340 ಡಿಗ್ರಿ. ಬೆಸುಗೆಯನ್ನು ಉತ್ತರದಿಂದ ಕಿತ್ತು ದಕ್ಷಿಣಕ್ಕೆ ಹಾಕಿದ್ದಷ್ಟೇ ಬಂತು. ವೃತ್ತವನ್ನು ಒಂದು ನೇರ ಸಾಲಿನ ಸಂಖ್ಯೆಗಳಿಂದ ಅಳೆಯಬೇಕಾದರೆ ಎಲ್ಲಾದರೂ ಒಂದು ಕಡೆ ಅದನ್ನು ಕತ್ತರಿಸಲೇಬೇಕು. ಕತ್ತರಿಸುವ ಜಾಗ ನಿಮ್ಮ ಇಷ್ಟ, ಕತ್ತರಿಸದೆ ಇರುವುದು ನಿಮ್ಮ ಕೈಯಲ್ಲಿಲ್ಲ.

ಆದ್ದರಿಂದ ಮದ್ದು ಹಾಕಬೇಕಾದದ್ದು ಕೋನಗಳಿಗಲ್ಲ, ಅವುಗಳ ಅಂತರಕ್ಕೆ. ಎರಡು ದಿಕ್ಕುಗಳು ಯಾವ ಲೆಕ್ಕದಲ್ಲಾದರೂ ಇರಲಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಉತ್ತರ 180ಕ್ಕಿಂತ ಹೆಚ್ಚಿದ್ದರೆ 360 ಕಳೆಯಿರಿ, −180ಕ್ಕಿಂತ ಕಡಿಮೆ ಇದ್ದರೆ 360 ಕೂಡಿಸಿ. ಅರ್ಧ ಸುತ್ತಿಗಿಂತ ಹೆಚ್ಚು ತಿರುಗಬೇಕಾಗಿ ಬಂದರೆ ಇನ್ನೊಂದು ಕಡೆಯಿಂದ ಹೋಗುವುದೇ ಹತ್ತಿರ ಎಂಬ ಸಾಮಾನ್ಯ ತಿಳಿವಳಿಕೆಯನ್ನೇ ಕಂಪ್ಯೂಟರಿಗೆ ಹೇಳಿಕೊಡುವುದು ಅಷ್ಟೇ.

```
float diff = goal - now;
while (diff >  180) diff -= 360;
while (diff < -180) diff += 360;
transform.Rotate(0, Mathf.Clamp(diff, -3f, 3f), 0);
```

ಹಳೆಯ ಲೆಕ್ಕಗಳನ್ನು ಇದರಲ್ಲಿ ಹಾಕಿ ನೋಡಿ. 350ರಿಂದ 10ಕ್ಕೆ: −340, ಅದಕ್ಕೆ 360 ಕೂಡಿಸಿದರೆ 20, ಬಲಕ್ಕೆ. 357ರಿಂದ −10ಕ್ಕೆ: −367, 360 ಕೂಡಿಸಿದರೆ −7, ಎಡಕ್ಕೆ ಇನ್ನು ಏಳು ಡಿಗ್ರಿ. ಎರಡು ಟೇಪುಗಳ ಭಾಷೆ ಬೇರೆ ಬೇರೆಯಾಗಿದ್ದರೂ ಈಗ ಚಿಂತೆಯಿಲ್ಲ. ಕೊನೆಯ ಸಾಲಿನ `Clamp` ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಉಳಿದಿರುವುದು ಒಂದೇ ಡಿಗ್ರಿಯಾದರೆ ಒಂದೇ ಡಿಗ್ರಿ ತಿರುಗಿಸುತ್ತದೆ, ಗುರಿ ದಾಟಿ ಹೋಗಲು ಬಿಡುವುದಿಲ್ಲ. (3 ಎಂಬ ಸಂಖ್ಯೆಯನ್ನು ಹೀಗೆ ನೇರವಾಗಿ ಬರೆದರೆ ಸೆಕೆಂಡಿಗೆ 120 ಚಿತ್ರ ಮೂಡುವ ಫೋನಿನಲ್ಲಿ ಕಾವಲುಗಾರ ಎರಡು ಪಟ್ಟು ಚುರುಕಾಗುತ್ತಾನೆ. ನಿಜವಾದ ಆಟದಲ್ಲಿ ಅಲ್ಲಿ ವೇಗವನ್ನು `Time.deltaTime`ನಿಂದ ಗುಣಿಸಿ ಬರೆಯುತ್ತಾರೆ.)

ಎರಡು `while` ಸಾಲುಗಳ ಬದಲು ಒಂದೇ ಸಾಲಿನ ಜಾಣತನ ತೋರಿಸಲು ಹೋದವರು ಹೊಸ ಹಳ್ಳಕ್ಕೆ ಬೀಳುವುದುಂಟು. ಅಂತರಕ್ಕೆ 180 ಕೂಡಿಸಿ, 360ರಿಂದ ಭಾಗಿಸಿ ಶೇಷ ತೆಗೆದು, ಮತ್ತೆ 180 ಕಳೆದರೆ ಸಾಕು ಎಂಬ ಸೂತ್ರ ಎಲ್ಲೆಡೆ ಓಡಾಡುತ್ತಿದೆ. ಪೈಥಾನ್ ಭಾಷೆಯಲ್ಲಿ ಅದು ಸರಿ. ಅಲ್ಲಿ −160ನ್ನು 360ರಿಂದ ಭಾಗಿಸಿದಾಗ ಶೇಷ 200 ಬರುತ್ತದೆ, 180 ಕಳೆದರೆ ನಮಗೆ ಬೇಕಾದ 20. ಆದರೆ ಯೂನಿಟಿಯಲ್ಲಿ ಬಳಸುವ ಸಿ ಶಾರ್ಪ್ ಭಾಷೆಯಲ್ಲಿ `%` ಚಿಹ್ನೆ −160ಕ್ಕೆ −160ನ್ನೇ ಶೇಷವಾಗಿ ಕೊಡುತ್ತದೆ. ಅದರಿಂದ 180 ಕಳೆದರೆ −340, ಅಂದರೆ ಹಳೆಯ ರೋಗವೇ ಹೊಸ ಅಂಗಿ ತೊಟ್ಟು ಬಂತು. ಒಂದು ಭಾಷೆಯಿಂದ ಇನ್ನೊಂದಕ್ಕೆ ಸೂತ್ರವನ್ನು ನಕಲು ಮಾಡುವಾಗ ಋಣಸಂಖ್ಯೆ ಹಾಕಿ ಒಮ್ಮೆ ಪರೀಕ್ಷಿಸಿ ನೋಡುವುದು ಕ್ಷೇಮ.

ಇಷ್ಟೆಲ್ಲ ಕೈಯಾರೆ ಬರೆಯಬೇಕೆಂದೂ ಇಲ್ಲ. ಯೂನಿಟಿಯಲ್ಲಿ `Mathf.DeltaAngle` ಈ ಅಂತರವನ್ನು ಸಿದ್ಧವಾಗಿ ಕೊಡುತ್ತದೆ. `MoveTowardsAngle`, `LerpAngle` ಎಂಬವು ತಿರುಗಿಸುವ ಕೆಲಸವನ್ನೂ ಮಾಡುತ್ತವೆ. ಗೋಡೋ ಎಂಬ ಉಚಿತ ಎಂಜಿನ್‌ನಲ್ಲಿ `lerp_angle` ಇದೆ, ಅದರ 4.2ನೇ ಆವೃತ್ತಿಯಿಂದ `angle_difference`, `rotate_toward` ಕೂಡ ಬಂದಿವೆ. ಫಜೀತಿ ಏನೆಂದರೆ ಇವುಗಳ ಅಣ್ಣತಮ್ಮಂದಿರಾದ `MoveTowards`, `Lerp` ಕೂಡ ಅದೇ ಪಟ್ಟಿಯಲ್ಲಿ ಪಕ್ಕದಲ್ಲೇ ಕುಳಿತಿರುತ್ತವೆ. ಅವು ಸಾದಾ ಸಂಖ್ಯೆಗಳಿಗೆ ಇರುವಂಥವು, ವೃತ್ತದ ಗೊಡವೆ ಅವಕ್ಕಿಲ್ಲ. ಬರೆಯುವಾಗ ಹೆಸರಿನ ಕೊನೆಯ ತುಂಡನ್ನು ಬಿಟ್ಟರೂ ಕೋಡ್ ಓಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ, ಕಾವಲುಗಾರ ಮಾತ್ರ ಮತ್ತೆ ಸುತ್ತಲು ಶುರು ಮಾಡುತ್ತಾನೆ. ಗೋಡೋ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಕೋನದ ಲೆಕ್ಕ ರೇಡಿಯನ್‌ನಲ್ಲಿ, ಪೂರ್ತಿ ಸುತ್ತು ಎಂದರೆ ಸುಮಾರು 6.28. ಮೇಲಿನ 180, 360ಗಳನ್ನು ಅಲ್ಲಿಗೆ ಹಾಗೆಯೇ ಒಯ್ದರೆ ಆ ಷರತ್ತುಗಳು ಎಂದೂ ಜಾರಿಗೇ ಬರುವುದಿಲ್ಲ.

ಕೋನಗಳೇ ಬೇಡ, ಬಾಣಗಳಲ್ಲಿ ಲೆಕ್ಕ ಹಾಕುತ್ತೇವೆ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಕಾವಲುಗಾರ ನೋಡುವ ಕಡೆಗೊಂದು ಬಾಣ, ಕಳ್ಳನಿರುವ ಕಡೆಗೊಂದು ಬಾಣ. ಎರಡನೆಯದು ಮೊದಲನೆಯದರ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಕ್ರಾಸ್ ಪ್ರಾಡಕ್ಟ್ ಎಂಬ ಒಂದು ಗುಣಾಕಾರದಿಂದ ಹೇಳಬಹುದು. ಅಲ್ಲಿ ಸಂಖ್ಯೆಗಳ ಟೇಪೇ ಇಲ್ಲದ್ದರಿಂದ ಬೆಸುಗೆಯೂ ಇಲ್ಲ. ಮೂರು ಆಯಾಮದ ಆಟಗಳು ಒಳಗೊಳಗೆ ಬಳಸುವುದು ಕ್ವಾಟರ್ನಿಯನ್ ಎಂಬ ನಾಲ್ಕು ಸಂಖ್ಯೆಗಳ ಗುಂಪನ್ನು. ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡದ್ದು ಅದು. ಅಲ್ಲಿ ಈ ತೊಂದರೆಯೇ ಇಲ್ಲ ಎಂದು ಕೆಲವರು ಹೇಳುವುದುಂಟು, ಅದನ್ನು ಪೂರ್ತಿ ನಂಬಬೇಡಿ. ಕ್ವಾಟರ್ನಿಯನ್‌ನಲ್ಲಿ ನಾಲ್ಕೂ ಸಂಖ್ಯೆಗಳ ಚಿಹ್ನೆಯನ್ನು ತಿರುವಿ ಹಾಕಿದರೂ ಅದೇ ಭಂಗಿ ಸಿಗುತ್ತದೆ, ಅಂದರೆ ಪ್ರತಿ ದಿಕ್ಕಿಗೂ ಎರಡೆರಡು ಹೆಸರು. ತಪ್ಪು ಹೆಸರನ್ನು ಹಿಡಿದು ಹೊರಟರೆ ಪಾತ್ರ ಅಲ್ಲಿಯೂ ದೂರದ ದಾರಿಯಲ್ಲೇ ತಿರುಗುತ್ತದೆ. ಎಂಜಿನ್ನುಗಳ ಸಿದ್ಧ ಫಂಕ್ಷನ್‌ಗಳು ಚಿಹ್ನೆ ನೋಡಿ ಇದನ್ನು ಸರಿಪಡಿಸಿಕೊಳ್ಳುತ್ತವೆ, ಸ್ವಂತವಾಗಿ ಬರೆಯುವವರು ತಾವೇ ನೋಡಿಕೊಳ್ಳಬೇಕು.

ಹತ್ತಿರದ ದಾರಿ ಯಾವಾಗಲೂ ಸರಿಯಾದ ದಾರಿಯೇ ಎಂದರೆ, ಅಲ್ಲ. ಬುರುಜಿನ ಗೋಡೆಗೆ ಒತ್ತಿಕೊಂಡಿರುವ ತೋಪು ಗೋಡೆಯ ಮೂಲಕ ತಿರುಗಲಾರದು, ಅದು ಬಳಸಿಕೊಂಡೇ ಹೋಗಬೇಕು. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳ ಒಳಗಿನ ಲೆಕ್ಕವೂ ಇಂಥದ್ದೇ. ಗಾಳಿ ಬೀಸುವ ಕಡೆಗೆ ಯಂತ್ರದ ತಲೆ ತಿರುಗುತ್ತದೆ, ಅದರಿಂದ ವಿದ್ಯುತ್ ತರುವ ಕೇಬಲ್‌ಗಳು ಕಂಬದೊಳಗೆ ಇಳಿಬಿದ್ದಿರುತ್ತವೆ. ತಲೆ ಒಂದೇ ಕಡೆಗೆ ಸುತ್ತುತ್ತಾ ಹೋದರೆ ಕೇಬಲ್ ಹುರಿಗಟ್ಟುತ್ತದೆ. ಹಾಗಾಗಿ ಅಲ್ಲಿನ ನಿಯಂತ್ರಣ ವ್ಯವಸ್ಥೆ ಎಷ್ಟು ಸುತ್ತಾಯಿತು ಎಂಬುದನ್ನು ನೆನಪಿಟ್ಟುಕೊಂಡು, ಮಿತಿ ಮುಟ್ಟಿದಾಗ ಯಂತ್ರವನ್ನು ನಿಲ್ಲಿಸಿ ಹಿಂದಕ್ಕೆ ಸುತ್ತಿ ಬಿಡಿಸುತ್ತದೆ. ಅಲ್ಲಿ 725 ಡಿಗ್ರಿಯನ್ನು 5 ಡಿಗ್ರಿ ಎಂದು ಮಡಚಿಬಿಟ್ಟರೆ ಕೇಬಲಿಗೆ ಬಿದ್ದ ಎರಡು ಸುತ್ತು ಲೆಕ್ಕದಿಂದಲೇ ಮಾಯವಾಗುತ್ತದೆ.

ನಿಮ್ಮ ಆಟದಲ್ಲಿ ಪಾತ್ರ ವಿಚಿತ್ರವಾಗಿ ತಿರುಗುತ್ತಿದ್ದರೆ ತಪ್ಪು ಇದೇ ಹೌದೋ ಅಲ್ಲವೋ ಎಂದು ಗುರುತಿಸುವುದು ಕಷ್ಟವಲ್ಲ. ತೊಂದರೆ ಯಾವಾಗಲೂ ನಕ್ಷೆಯ ಒಂದೇ ದಿಕ್ಕಿನಲ್ಲಿ ಕಾಣಿಸಿದರೆ, ಕಾವಲುಗಾರ ಎಲ್ಲಿಂದ ತಿರುಗಲು ಶುರು ಮಾಡಿದರೂ ಉತ್ತರದ ಗೆರೆಯ ಮೇಲೆಯೋ ದಕ್ಷಿಣದ ಗೆರೆಯ ಮೇಲೆಯೋ ಎಡವಿದರೆ, ಅದು ಬೆಸುಗೆಯದೇ ಕಿತಾಪತಿ. ದಿಕ್ಕು ಯಾವುದಾದರೂ ಗುರಿ ಮುಟ್ಟಿದ ಮೇಲೆ ಗಡಗಡ ನಡುಗಿದರೆ ಅದು ಬೇರೆ: ಹೆಜ್ಜೆ ದೊಡ್ಡದಾಗಿ ಗುರಿಯನ್ನು ಆಚೀಚೆ ದಾಟುತ್ತಿದೆ. ಕಳ್ಳ ಕಾವಲುಗಾರನ ಬೆನ್ನ ಹಿಂದೆ ಸರಿಯಾಗಿ ನಿಂತಾಗ ಮಾತ್ರ ಎಡವೋ ಬಲವೋ ಎಂದು ಅವನು ತಡವರಿಸಿದರೆ ಅದು ಮೂರನೆಯದು. ಅಲ್ಲಿ ಎರಡೂ ಕಡೆ 180 ಡಿಗ್ರಿಯೇ, ಹತ್ತಿರದ ದಾರಿ ಎಂಬುದೇ ಇಲ್ಲ, ಕಳ್ಳ ಕೊಂಚ ಸರಿದರೂ ತೀರ್ಮಾನ ಬದಲಾಗುತ್ತದೆ. ಒಮ್ಮೆ ಹಿಡಿದ ಕಡೆಗೇ ಸ್ವಲ್ಪ ದೂರ ತಿರುಗಲಿ ಎಂದು ಬರೆದರೆ ಅದು ಸರಿಹೋಗುತ್ತದೆ.

ಪರೀಕ್ಷೆಗೆ `now`, `goal`, `diff` ಮೂರನ್ನೂ ಪರದೆಯ ಮೂಲೆಯಲ್ಲಿ ಮೂಡಿಸಿಕೊಳ್ಳಿ. ಕಳ್ಳನನ್ನು ಕಾವಲುಗಾರನ ಸುತ್ತ ಒಮ್ಮೆ ಬಲಗಡೆಯಿಂದ, ಒಮ್ಮೆ ಎಡಗಡೆಯಿಂದ, ನಿಧಾನವಾಗಿ ಪೂರ್ತಿ ಸುತ್ತು ನಡೆಸಿ. `diff` ಎಲ್ಲಿಯೂ 180 ದಾಟದಿದ್ದರೆ, −180ರ ಕೆಳಗೆ ಇಳಿಯದಿದ್ದರೆ ಆಟವನ್ನು ಗೆಳೆಯರ ಕೈಗೆ ಕೊಡಬಹುದು. ಒಂದೇ ಕಡೆಯಿಂದ ಸುತ್ತಿ ನೋಡಿ ಬಿಟ್ಟುಬಿಡಬೇಡಿ.